ಪಿಚ್ ಬರೆಯುವಾಗಲೇ ಸಂಭಾವನೆಯ ಲೆಕ್ಕ: ಆನ್‌ಲೈನ್ ಪತ್ರಿಕೆಗಳಿಗೆ ಲೇಖನದ ಪ್ರಸ್ತಾವ ಕಳಿಸುವ ಬಗೆ

ಯಾವ ಪತ್ರಿಕೆಯ ನೌಕರಿಯಲ್ಲೂ ಇಲ್ಲದೆ ಬರೆಯುವವರನ್ನು ಕನ್ನಡದಲ್ಲಿ ‘ಹವ್ಯಾಸಿ ಪತ್ರಕರ್ತರು’ ಎನ್ನುತ್ತೇವೆ, ಅವರಿಗೆ ಸಲ್ಲುವ ಹಣವನ್ನು ‘ಗೌರವಧನ’ ಎನ್ನುತ್ತೇವೆ. ಮೊದಲ ಪದ ದುಡಿಮೆಯನ್ನು ಹವ್ಯಾಸ ಮಾಡುತ್ತದೆ, ಎರಡನೆಯದು ಕೂಲಿಯನ್ನು ಕಾಣಿಕೆ ಮಾಡುತ್ತದೆ. ಕಾಣಿಕೆಯ ಬಗ್ಗೆ ಚೌಕಾಸಿ ಮಾಡುವುದು ಸಭ್ಯತೆಯಲ್ಲ ಎಂಬ ಸಂಕೋಚ ನನ್ನಲ್ಲೂ ಬಹಳ ಕಾಲ ಇತ್ತು. ಒಮ್ಮೆ ಒಂದು ಆನ್‌ಲೈನ್ ಪತ್ರಿಕೆಯ ಸಂಪಾದಕರು ನನ್ನ ಲೇಖನದ ಯೋಚನೆಯನ್ನು ಒಪ್ಪಿಕೊಂಡಾಗ ಹಣದ ಮಾತೆತ್ತದೆ ನಾಲ್ಕು ದಿನ ತಿರುಗಾಡಿ ಬರೆದುಕೊಟ್ಟೆ. ನಾಲ್ಕು ತಿಂಗಳ ನಂತರ ಖಾತೆಗೆ ಸಾವಿರ ರೂಪಾಯಿ ಬಂತು, ಬಸ್ಸು ಮತ್ತು ಊಟಕ್ಕೆ ಅದಕ್ಕಿಂತ ಹೆಚ್ಚು ಖರ್ಚಾಗಿತ್ತು. ಅವರು ಮೋಸ ಮಾಡಲಿಲ್ಲ, ಏಕೆಂದರೆ ಅವರು ಯಾವ ಮಾತನ್ನೂ ಕೊಟ್ಟಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಆ ಪ್ರಸಂಗದ ಬಳಿಕ ನಾನು ಕಂಡುಕೊಂಡದ್ದು ಇಷ್ಟು: ಸಂಭಾವನೆಯ ಮಾತುಕತೆ ಸಂಪಾದಕರು ಮೊತ್ತ ಹೇಳಿದ ಮೇಲೆ ಶುರುವಾಗುವುದಿಲ್ಲ, ಅದು ಪಿಚ್‌ನಲ್ಲೇ, ಅಂದರೆ ಸಂಪಾದಕರಿಗೆ ಕಳಿಸುವ ಲೇಖನದ ಪ್ರಸ್ತಾವದಲ್ಲೇ, ಶುರುವಾಗಿರುತ್ತದೆ. ಲೇಖನಕ್ಕಾಗಿ ಎಲ್ಲಿಗೆ ಹೋಗುತ್ತೇನೆ, ಯಾರನ್ನು ಮಾತನಾಡಿಸುತ್ತೇನೆ, ಎಷ್ಟು ಪದ ಬರೆಯುತ್ತೇನೆ ಎಂದು ಪಿಚ್‌ನಲ್ಲಿ ಬರೆದಿದ್ದರೆ, ಮುಂದೆ ಹಣ ಕೇಳುವಾಗ ಬೊಟ್ಟು ಮಾಡಿ ತೋರಿಸಲು ಒಂದು ಆಧಾರ ಇರುತ್ತದೆ. ಅದು ಇಲ್ಲದಿದ್ದರೆ ‘ಸ್ವಲ್ಪ ಹೆಚ್ಚು ಕೊಡಿ’ ಎಂಬ ಅಂಗಲಾಚಿಕೆಯೊಂದೇ ಉಳಿಯುತ್ತದೆ. ಆದ್ದರಿಂದ ಈ ಎರಡು ಕೆಲಸಗಳನ್ನು ಒಂದೇ ಎಳೆಯಲ್ಲಿ, ಒಂದೇ ಉದಾಹರಣೆಯ ಮೂಲಕ ವಿವರಿಸುತ್ತೇನೆ. ಉದಾಹರಣೆಯು ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಸಂಬಂಧಿಸಿದ್ದು. ಮಾರುಕಟ್ಟೆ ನಿಜವಾದದ್ದು, ಪಿಚ್‌ನಲ್ಲಿ ಬರುವ ರೈತರು ಮತ್ತು ಹಣದ ಅಂಕಿಗಳು ಮಾದರಿಗಾಗಿ ಇಟ್ಟುಕೊಂಡವು.

ಮೊದಲ ಹೆಜ್ಜೆ: ವಿಷಯವನ್ನು ಕಥೆಯಾಗಿಸುವುದು

‘ಬ್ಯಾಡಗಿ ಮೆಣಸಿನಕಾಯಿಯ ಬಗ್ಗೆ ಒಂದು ಲೇಖನ ಬರೆಯಬೇಕೆಂದಿದ್ದೇನೆ’ ಎಂದು ಬರೆದರೆ ಸಂಪಾದಕರ ಕೈಗೆ ಸಿಗುವುದು ವಿಷಯ ಮಾತ್ರ. ಖಾರ ಕಡಿಮೆ, ಬಣ್ಣ ಹೆಚ್ಚು, ಡಬ್ಬಿ ಮತ್ತು ಕಡ್ಡಿ ಎಂಬ ಎರಡು ತಳಿಗಳು, ಭೌಗೋಳಿಕ ಸೂಚಕದ ಮಾನ್ಯತೆ, ಬಣ್ಣಕ್ಕಾಗಿ ಕಾಯಿಯಿಂದ ಓಲಿಯೊರೆಸಿನ್ ಎಂಬ ಸಾರ ತೆಗೆಯುವ ಕಾರ್ಖಾನೆಗಳು ಎಂಬ ಸಂಗತಿಗಳೆಲ್ಲ ಈಗಾಗಲೇ ಹತ್ತಾರು ಕಡೆ ಬಂದಿವೆ. ಸಂಪಾದಕರು ನಿಮ್ಮ ಮೇಲ್ ಓದಿದ ಕೂಡಲೇ ಮಾಡುವ ಕೆಲಸವೆಂದರೆ ಆ ವಿಷಯವನ್ನು ಹುಡುಕಿ ನೋಡುವುದು. 2024ರ ಮಾರ್ಚ್‌ನಲ್ಲಿ ದರ ಕುಸಿತದಿಂದ ಕೆರಳಿದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ ಘಟನೆಯ ಸುದ್ದಿಗಳು ಅವರಿಗೆ ಮೊದಲು ಸಿಗುತ್ತವೆ. ಇಷ್ಟೆಲ್ಲ ಬಂದಿರುವಾಗ ಇನ್ನೊಂದು ಏಕೆ ಎಂಬುದು ಅವರ ಮೊದಲ ಪ್ರಶ್ನೆ, ಅದಕ್ಕೆ ಉತ್ತರ ಪಿಚ್‌ನಲ್ಲೇ ಇರಬೇಕು.

ಕಥೆ ಎಂದರೆ ಯಾರೋ ಒಬ್ಬರು ಏನೋ ಒಂದನ್ನು ಮಾಡಬೇಕಾದ ಸ್ಥಿತಿಯಲ್ಲಿದ್ದಾರೆ, ಅದಕ್ಕೊಂದು ಅಡ್ಡಿಯಿದೆ, ಅದರ ಫಲಿತಾಂಶ ಇನ್ನೂ ಗೊತ್ತಾಗಿಲ್ಲ ಎಂಬುದು. ದರ ಬಿದ್ದ ವರ್ಷ ರೈತರೊಬ್ಬರು ಮೆಣಸಿನಕಾಯಿಯನ್ನು ಮಾರದೆ ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟು, ಆ ದಾಸ್ತಾನಿನ ಮೇಲೆಯೇ ಸಾಲ ತೆಗೆದು, ಮುಂದಿನ ಬೆಳೆಗೆ ಬೀಜ ಗೊಬ್ಬರ ಕೊಂಡಿದ್ದಾರೆ. ಮಾಲು ಒಳಗಿರುವಷ್ಟು ದಿನ ಬಾಡಿಗೆಯೂ ಬಡ್ಡಿಯೂ ಏರುತ್ತವೆ. ದರ ಎಷ್ಟು ಏರಿದರೆ ಅವರು ಕಾದದ್ದು ಸಾರ್ಥಕ? ಇದು ಕಥೆ. ಇದರೊಳಗೆ ಡಬ್ಬಿ, ಕಡ್ಡಿ, ಬಣ್ಣ, ಕಾರ್ಖಾನೆ ಎಲ್ಲವೂ ಬರಬಹುದು, ಆದರೆ ಅವು ಆ ಒಂದು ಪ್ರಶ್ನೆಗೆ ದುಡಿಯುತ್ತವೆ. ನಿಮ್ಮ ಯೋಚನೆಯನ್ನು ಪ್ರಶ್ನಾರ್ಥಕ ಚಿಹ್ನೆಯಿಂದ ಮುಗಿಯುವ ಒಂದು ವಾಕ್ಯದಲ್ಲಿ ಬರೆಯಲು ಆಗದಿದ್ದರೆ, ಅದು ಇನ್ನೂ ವಿಷಯದ ಹಂತದಲ್ಲೇ ಇದೆ ಎಂದು ತಿಳಿಯಬಹುದು.

ಪಿಚ್ ಕಳಿಸುವ ಮೊದಲೇ ಪೂರ್ತಿ ವರದಿಗಾರಿಕೆ ಮಾಡಬೇಕಾಗಿಲ್ಲ, ಮಾಡಲೂಬಾರದು. ಆ ದುಡಿಮೆಗೆ ಯಾರೂ ಹಣ ಕೊಡುವುದಿಲ್ಲ. ಎರಡು ಮೂರು ಫೋನ್ ಕರೆಗಳು ಸಾಕು: ಕಥೆಯ ಕೇಂದ್ರದಲ್ಲಿರುವ ವ್ಯಕ್ತಿ ಮಾತನಾಡಲು ಒಪ್ಪಿದ್ದಾರೆಯೇ, ಅವರ ಬಳಿ ದಾಸ್ತಾನಿನ ರಸೀದಿ ಇದೆಯೇ, ಎದುರು ಪಕ್ಷದವರು, ಅಂದರೆ ಇಲ್ಲಿ ದಲಾಲಿ ಅಂಗಡಿಯವರು ಅಥವಾ ಸಾಲ ಕೊಟ್ಟ ಬ್ಯಾಂಕಿನವರು, ಸಿಗುವ ಸಾಧ್ಯತೆ ಇದೆಯೇ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು. ಒಪ್ಪಿಗೆ ಬಂದ ಮೇಲೆ ‘ರೈತರು ಈಗ ಮಾತನಾಡುವುದಿಲ್ಲ ಎನ್ನುತ್ತಿದ್ದಾರೆ’ ಎಂದು ಬರೆಯಬೇಕಾಗಿ ಬಂದರೆ ಆ ಸಂಪಾದಕರಿಗೆ ಎರಡನೆಯ ಪಿಚ್ ಕಳಿಸುವುದು ಕಷ್ಟವಾಗುತ್ತದೆ.

ಯಾವ ಪತ್ರಿಕೆಗೆ, ಯಾವ ಕೋನದಿಂದ

ಒಂದೇ ಕಥೆ ಬೇರೆ ಬೇರೆ ಪತ್ರಿಕೆಗೆ ಬೇರೆ ಬೇರೆ ಕೋನದಿಂದ ಹೋಗುತ್ತದೆ. ಗ್ರಾಮೀಣ ಬದುಕನ್ನೇ ದಾಖಲಿಸುವ ತಾಣಕ್ಕೆ ಆ ರೈತರ ಮನೆಯ ವರ್ಷವೇ ಕಥೆಯಾದೀತು. ಪರಿಸರವನ್ನು ಕೇಂದ್ರವಾಗಿಟ್ಟುಕೊಂಡ ಮೊಂಗಾಬೇ-ಇಂಡಿಯಾದಂಥ ತಾಣಕ್ಕೆ ಸಾಲದ ಕಥೆ ಹೊಂದುವುದಿಲ್ಲ, ಅಕಾಲಿಕ ಮಳೆಯಿಂದ ಕಣದಲ್ಲಿ ಒಣಹಾಕಿದ ಕಾಯಿಯ ಬಣ್ಣಕ್ಕೆ ಏನಾಗುತ್ತಿದೆ ಎಂಬ ಕಥೆ ಹೊಂದೀತು. ವ್ಯಾಪಾರದ ಪತ್ರಿಕೆಗೆ ದಾಸ್ತಾನು ಮತ್ತು ದರದ ನಡುವಿನ ಆಟವೇ ಮುಖ್ಯ. ಕನ್ನಡದ ಸಾಹಿತ್ಯಿಕ ಆನ್‌ಲೈನ್ ಪತ್ರಿಕೆಗಳಲ್ಲಿ ಹಲವು ಹಣ ಕೊಡುವ ಸ್ಥಿತಿಯಲ್ಲಿಲ್ಲ ಎಂಬುದನ್ನು ಮೊದಲೇ ತಿಳಿದು, ಅಲ್ಲಿಗೆ ಬರೆಯುವುದಾದರೆ ತಿಳಿದೇ ಬರೆಯಬೇಕು.

ಪತ್ರಿಕೆಯ ಕಳೆದ ಎರಡು ತಿಂಗಳ ಲೇಖನಗಳಲ್ಲಿ ಹತ್ತನ್ನಾದರೂ ಓದಿ. ಓದುವಾಗ ಗಮನಿಸಬೇಕಾದದ್ದು ಎರಡೇ. ಹೊರಗಿನ ಬರಹಗಾರರ ಲೇಖನ ಎಷ್ಟು ಉದ್ದವಿದೆ ಎಂಬುದು ಒಂದು, ಏಕೆಂದರೆ 900 ಪದ ಹಾಕುವ ಪತ್ರಿಕೆಗೆ 3,000 ಪದದ ಪ್ರಸ್ತಾವ ಕಳಿಸಿದರೆ ನೀವು ಅದನ್ನು ಓದುವುದೇ ಇಲ್ಲ ಎಂದು ತಿಳಿಯುತ್ತದೆ. ಲೇಖನದ ಕೆಳಗಿನ ಲೇಖಕ ಪರಿಚಯ ಇನ್ನೊಂದು. ಎಲ್ಲ ಹೆಸರುಗಳ ಕೆಳಗೂ ‘ನಮ್ಮ ವರದಿಗಾರರು’ ಎಂದೇ ಇದ್ದರೆ ಆ ಪತ್ರಿಕೆಯಲ್ಲಿ ಹೊರಗಿನವರಿಗೆ ಜಾಗ ಕಡಿಮೆ. ಪತ್ರಿಕೆಯ ತಾಣದಲ್ಲಿ ಲೇಖಕರಿಗೆ ಸೂಚನೆಗಳ ಪುಟವಿದ್ದರೆ ಅದರಲ್ಲಿ ಹೇಳಿದ ವಿಳಾಸಕ್ಕೆ, ಹೇಳಿದ ಕ್ರಮದಲ್ಲಿಯೇ ಕಳಿಸಬೇಕು. ಅದಿಲ್ಲದಿದ್ದರೆ ಪ್ರಧಾನ ಸಂಪಾದಕರಿಗಿಂತ ಆ ವಿಭಾಗ ನೋಡಿಕೊಳ್ಳುವ ಸಂಪಾದಕರಿಗೆ ಬರೆಯುವುದು ಒಳ್ಳೆಯದು. ವಾಟ್ಸ್ಆ್ಯಪ್‌ನಲ್ಲಿ ಮೊದಲ ಪಿಚ್ ಕಳಿಸುವ ರೂಢಿ ಇತ್ತೀಚೆಗೆ ಹೆಚ್ಚಾಗಿದೆ. ನಾನು ಅದನ್ನು ಮಾಡುವುದಿಲ್ಲ. ಮುಂದೆ ಹಣದ ವಿಚಾರ ಬಂದಾಗ ಒಂದೇ ಮೇಲ್ ಸರಣಿಯಲ್ಲಿ ಎಲ್ಲ ಮಾತೂ ಇರುವುದು ಎಷ್ಟು ಉಪಯೋಗಕ್ಕೆ ಬರುತ್ತದೆಂಬುದು ಕೊನೆಯಲ್ಲಿ ತಿಳಿಯುತ್ತದೆ.

ಪಿಚ್ ಬರೆಯುವುದು

ಪಿಚ್ ಇನ್ನೂರು ಪದ ಮೀರಬಾರದು. ಫೋನಿನ ಪರದೆಯಲ್ಲಿ ಒಂದೆರಡು ಬಾರಿ ಬೆರಳಾಡಿಸಿದರೆ ಮುಗಿಯುವಷ್ಟಿರಬೇಕು. ಲಗತ್ತು ಬೇಡ, ಎಲ್ಲವೂ ಮೇಲ್‌ನ ಒಳಗೇ ಇರಲಿ. ವಿಷಯದ ಸಾಲಿನಲ್ಲಿ ‘ಲೇಖನದ ಬಗ್ಗೆ’ ಎಂದು ಬರೆಯದೆ ‘ಪಿಚ್’ ಎಂಬ ಪದದ ಮುಂದೆ ಲೇಖನದ ಸಂಭವನೀಯ ಶೀರ್ಷಿಕೆಯನ್ನೇ ಕೊಡಿ. ಮಾದರಿ ಹೀಗಿದೆ:

> ವಿಷಯ: ಪಿಚ್ – ದರಕ್ಕಾಗಿ ಕಾಯುತ್ತಿರುವ ನಲವತ್ತು ಚೀಲ (ಬ್ಯಾಡಗಿ, 1,500 ಪದ)
>
> ಮಾನ್ಯರೇ,
>
> ಹಾವೇರಿ ಜಿಲ್ಲೆಯ ರೈತ ಮಹಿಳೆಯೊಬ್ಬರ ನಲವತ್ತು ಚೀಲ ಮೆಣಸಿನಕಾಯಿ ಹತ್ತು ತಿಂಗಳಿಂದ ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಒಂದರಲ್ಲಿದೆ. ಅದರ ಮೇಲೆ ತೆಗೆದ ಸಾಲದಿಂದಲೇ ಅವರು ಈ ವರ್ಷದ ಬೆಳೆ ಹಾಕಿದ್ದಾರೆ. ಹೊಸ ಬೆಳೆ ಮಾರುಕಟ್ಟೆಗೆ ಬರುವ ಮೊದಲು ಹಳೆಯ ಮಾಲನ್ನು ಮಾರಬೇಕೇ, ಇನ್ನೂ ಕಾಯಬೇಕೇ ಎಂಬುದನ್ನು ಅವರು ಇನ್ನು ಆರು ವಾರದೊಳಗೆ ತೀರ್ಮಾನಿಸಬೇಕಾಗಿದೆ.
>
> ಬ್ಯಾಡಗಿಯ ಬಗ್ಗೆ ಈವರೆಗೆ ಬಂದ ವರದಿಗಳು ದರ ಬಿದ್ದ ದಿನದ ಗದ್ದಲವನ್ನು ಹೇಳಿವೆ. ದರ ಬಿದ್ದ ನಂತರ ದಾಸ್ತಾನಿಟ್ಟವರ ಲೆಕ್ಕ ಏನಾಯಿತು ಎಂಬುದನ್ನು ನನ್ನ ಲೇಖನ ಬಾಡಿಗೆ, ಬಡ್ಡಿ ಮತ್ತು ದರಗಳ ಮೂಲಕ ಹಿಂಬಾಲಿಸುತ್ತದೆ.
>
> ಆ ಮಹಿಳೆ ಮಾತನಾಡಲು, ರಸೀದಿಗಳನ್ನು ತೋರಿಸಲು ಒಪ್ಪಿದ್ದಾರೆ. ಬ್ಯಾಡಗಿಗೆ ಎರಡು ಬಾರಿ ಹೋಗಿ, ಟೆಂಡರ್ ನಡೆಯುವ ಒಂದು ದಿನವನ್ನು ಅವರೊಂದಿಗೆ ಕಳೆದು, ದಲಾಲಿ ಅಂಗಡಿಯವರೊಬ್ಬರು, ಕೋಲ್ಡ್ ಸ್ಟೋರೇಜ್ ಮಾಲೀಕರು ಮತ್ತು ಬ್ಯಾಂಕ್ ಅಧಿಕಾರಿಯೊಬ್ಬರನ್ನು ಮಾತನಾಡಿಸಿ 1,500 ಪದಗಳ ಲೇಖನವನ್ನು ಫೋಟೊಗಳ ಸಮೇತ ಜನವರಿ 20ರೊಳಗೆ ಕೊಡಬಲ್ಲೆ.
>
> ನಾನು ಹುಬ್ಬಳ್ಳಿಯಲ್ಲಿದ್ದು ಉತ್ತರ ಕರ್ನಾಟಕದ ಕೃಷಿ ಮಾರುಕಟ್ಟೆಗಳ ಬಗ್ಗೆ ಬರೆಯುತ್ತೇನೆ. ಇತ್ತೀಚಿನ ಎರಡು ಲೇಖನಗಳ ಕೊಂಡಿ ಕೆಳಗಿದೆ. ನಿಮ್ಮ ಸಂಭಾವನೆಯ ದರವನ್ನೂ ತಿಳಿಸಿದರೆ ಅನುಕೂಲ.
>
> ವಂದನೆಗಳೊಂದಿಗೆ

ಇದರಲ್ಲಿ ಯಾವ ಸಾಲು ಏಕಿದೆ ಎಂದು ನೋಡೋಣ. ಮೊದಲ ಪ್ಯಾರಾದಲ್ಲಿ ನನ್ನ ಪರಿಚಯವಿಲ್ಲ, ನಿಮ್ಮ ಪತ್ರಿಕೆಯ ಅಭಿಮಾನಿ ನಾನು ಎಂಬ ಮಾತೂ ಇಲ್ಲ. ನೇರವಾಗಿ ಕಥೆಯಿದೆ, ಏಕೆಂದರೆ ಫೋನಿನಲ್ಲಿ ಮೇಲ್ ತೆರೆಯುವ ಮೊದಲೇ ಕಾಣುವ ಒಂದೂವರೆ ಸಾಲಿನಲ್ಲಿ ನನ್ನ ಹೆಸರಿಗಿಂತ ಆ ನಲವತ್ತು ಚೀಲಗಳು ಕಾಣುವುದು ಲಾಭ. ‘ಆರು ವಾರದೊಳಗೆ’ ಎಂಬುದು ಈಗಲೇ ಏಕೆ ಎಂಬುದಕ್ಕೆ ಉತ್ತರ. ಬ್ಯಾಡಗಿಗೆ ಹೊಸ ಮಾಲು ಹೆಚ್ಚಾಗಿ ಬರುವುದು ಜನವರಿಯಿಂದ ಆಚೆಗೆ, ಹಾಗಾಗಿ ಈ ಪಿಚ್ ನವೆಂಬರ್ ಕೊನೆಯಲ್ಲಿ ಹೋಗಬೇಕು. ಮಾರ್ಚ್‌ನಲ್ಲಿ ಕಳಿಸಿದರೆ ಕಥೆಯ ತೀರ್ಮಾನವೇ ಮುಗಿದಿರುತ್ತದೆ.

ಎರಡನೆಯ ಪ್ಯಾರಾ ಹಿಂದಿನ ವರದಿಗಳನ್ನು ಒಪ್ಪಿಕೊಳ್ಳುತ್ತದೆ. ‘ಈ ಬಗ್ಗೆ ಯಾರೂ ಬರೆದಿಲ್ಲ’ ಎಂಬ ವಾಕ್ಯವನ್ನು ಎಂದಿಗೂ ಬರೆಯಬೇಡಿ. ಅರ್ಧ ನಿಮಿಷದ ಹುಡುಕಾಟದಲ್ಲಿ ಅದು ಸುಳ್ಳೆಂದು ಗೊತ್ತಾದರೆ ಉಳಿದ ವಾಕ್ಯಗಳ ಮೇಲೂ ಸಂಶಯ ಬೀಳುತ್ತದೆ. ಮೂರನೆಯ ಪ್ಯಾರಾ ಈ ಪಿಚ್‌ನ ಬೆನ್ನೆಲುಬು. ಎರಡು ಭೇಟಿ, ನಾಲ್ಕು ಸಂದರ್ಶನ, 1,500 ಪದ, ಫೋಟೊ, ದಿನಾಂಕ. ಸಂಪಾದಕರಿಗೆ ಇದು ನಾನು ಕೆಲಸ ಬಲ್ಲೆ ಎಂಬುದರ ಗುರುತು, ನನಗೆ ಇದು ಬೆಲೆಪಟ್ಟಿಯ ಮೊದಲ ಕರಡು. ಹೊಸಬರು ಬಹಳ ಸಲ ‘ಆಳವಾದ ಅಧ್ಯಯನದೊಂದಿಗೆ ಬರೆಯುತ್ತೇನೆ’ ಎನ್ನುತ್ತಾರೆ. ಆಳಕ್ಕೆ ಬೆಲೆ ಕಟ್ಟಲು ಬರುವುದಿಲ್ಲ, ಎರಡು ಭೇಟಿಗೆ ಬರುತ್ತದೆ.

ಯೋಚನೆಯನ್ನು ಕದ್ದರೆ ಏನು ಮಾಡುವುದು ಎಂಬ ಅಂಜಿಕೆ ಎಲ್ಲರಿಗೂ ಇರುತ್ತದೆ. ಕೃತಿಸ್ವಾಮ್ಯ ಕಾನೂನು ಬರಹಕ್ಕೆ ರಕ್ಷಣೆ ಕೊಡುತ್ತದೆಯೇ ಹೊರತು ಯೋಚನೆಗೆ ಕೊಡುವುದಿಲ್ಲ. ಆದ್ದರಿಂದ ಪಿಚ್‌ನಲ್ಲಿ ರೈತ ಮಹಿಳೆಯ ಹೆಸರು, ಊರು, ಕೋಲ್ಡ್ ಸ್ಟೋರೇಜ್‌ನ ಹೆಸರು ಇಲ್ಲ. ಕಥೆ ಇದೆ ಎಂದು ನಂಬಲು ಬೇಕಾದಷ್ಟು ಹೇಳಿ, ಅದನ್ನು ಇನ್ನೊಬ್ಬರು ಹೋಗಿ ಹಿಡಿಯಲು ಬೇಕಾದಷ್ಟು ಹೇಳಬೇಡಿ. ಅದಕ್ಕಿಂತ ಹೆಚ್ಚು ಹೆದರುವುದು ವ್ಯರ್ಥ. ನಾನು ಕಂಡಂತೆ, ಬೇರೆ ಕಡೆ ಅದೇ ಲೇಖನ ಕಾಣಿಸಿಕೊಂಡರೆ ಹೆಚ್ಚಿನ ಸಲ ಇಬ್ಬರಿಗೂ ಒಂದೇ ಯೋಚನೆ ಹೊಳೆದಿರುತ್ತದೆ.

ಕಾಯುವುದು, ನೆನಪಿಸುವುದು

ಒಂದೇ ಪಿಚ್ ಅನ್ನು ಏಕಕಾಲಕ್ಕೆ ಎರಡು ಪತ್ರಿಕೆಗೆ ಕಳಿಸಬೇಡಿ. ಇಬ್ಬರೂ ಒಪ್ಪಿದರೆ ಒಬ್ಬರಿಗೆ ಇಲ್ಲವೆನ್ನಬೇಕಾಗುತ್ತದೆ, ಹಾಗೆಂದವರ ಹೆಸರನ್ನು ಸಂಪಾದಕರು ನೆನಪಿಟ್ಟುಕೊಳ್ಳುತ್ತಾರೆ. ಏಳೆಂಟು ಕೆಲಸದ ದಿನ ಕಾದು, ಅದೇ ಮೇಲ್‌ಗೆ ಉತ್ತರವಾಗಿ ಎರಡು ಸಾಲಿನ ನೆನಪೋಲೆ ಬರೆಯಿರಿ: ‘ಕಳೆದ ವಾರದ ಪ್ರಸ್ತಾವವನ್ನು ನೋಡಲಾಯಿತೇ? ಹಂಗಾಮು ಹತ್ತಿರವಾಗುತ್ತಿರುವುದರಿಂದ ಶುಕ್ರವಾರದವರೆಗೆ ಕಾದು ನಂತರ ಬೇರೆ ಕಡೆ ಪ್ರಯತ್ನಿಸುತ್ತೇನೆ.’ ಇದು ಬೆದರಿಕೆಯಲ್ಲ, ಮಾಹಿತಿ. ಶುಕ್ರವಾರ ದಾಟಿದರೆ ಮುಂದಿನ ಪತ್ರಿಕೆಗೆ, ಅದರ ಕೋನಕ್ಕೆ ತಿದ್ದಿ ಕಳಿಸಬಹುದು. ಉತ್ತರವೇ ಬಾರದಿರುವುದು ಈ ಕೆಲಸದಲ್ಲಿ ಮಾಮೂಲು. ‘ಇದು ನಮಗೆ ಹೊಂದುವುದಿಲ್ಲ, ಬೇರೆ ಏನಾದರೂ ಇದ್ದರೆ ಕಳಿಸಿ’ ಎಂಬ ಉತ್ತರ ಬಂದರೆ ಅದನ್ನು ಬರೀ ಸೌಜನ್ಯವೆಂದು ಭಾವಿಸದೆ ಹದಿನೈದು ದಿನದೊಳಗೆ ಇನ್ನೊಂದು ಕಳಿಸಿ. ಬೇಡವಾದವರಿಗೆ ಆ ಎರಡನೆಯ ವಾಕ್ಯ ಬರೆಯುವಷ್ಟು ಬಿಡುವು ಅವರಿಗಿರುವುದಿಲ್ಲ.

ಮೊತ್ತ ಬಂದಾಗ

ಈಗ ಉತ್ತರ ಬಂದಿದೆ ಎಂದುಕೊಳ್ಳಿ. ‘ನಮಗೆ ಇಷ್ಟವಾಯಿತು. ನಾವು ಪದಕ್ಕೆ ಮೂರು ರೂಪಾಯಿ ಕೊಡುತ್ತೇವೆ. ಯಾವಾಗ ಶುರು ಮಾಡುತ್ತೀರಿ?’ ಖುಷಿಯಲ್ಲಿ ‘ನಾಳೆಯೇ’ ಎಂದು ಬರೆಯುವ ಮೊದಲು ಕಾಗದ ಪೆನ್ನು ತೆಗೆದುಕೊಳ್ಳಬೇಕಾದ ಹೊತ್ತು ಇದು. ಪದದ ದರ ಕೇಳಲು ಚೆನ್ನಾಗಿರುತ್ತದೆ, ಆದರೆ ನಾವು ಖರ್ಚು ಮಾಡುವುದು ಪದಗಳನ್ನಲ್ಲ, ದಿನಗಳನ್ನು. ಆದ್ದರಿಂದ ಯಾವ ದರವನ್ನಾದರೂ ದಿನದ ಲೆಕ್ಕಕ್ಕೆ ಇಳಿಸಬೇಕು.

1,500 ಪದಕ್ಕೆ ಮೂರರಂತೆ 4,500 ರೂಪಾಯಿ. ಪಿಚ್‌ನಲ್ಲಿ ಹೇಳಿದ ಎರಡು ಭೇಟಿಗೆ ಎರಡು ದಿನ, ಫೋನ್ ಸಂದರ್ಶನ ಮತ್ತು ಟಿಪ್ಪಣಿ ಜೋಡಿಸಲು ಒಂದು, ಬರೆಯಲು ಎರಡು, ಸಂಪಾದಕರ ಪ್ರಶ್ನೆಗಳಿಗೆ ಉತ್ತರಿಸಿ ತಿದ್ದಲು ಒಂದು, ಒಟ್ಟು ಆರು ದಿನ. ಕೊನೆಯ ಆ ಒಂದು ದಿನವನ್ನು ಎಲ್ಲರೂ ಮರೆಯುತ್ತಾರೆ. ಹುಬ್ಬಳ್ಳಿಯಿಂದ ಬ್ಯಾಡಗಿಗೆ ಎರಡು ಬಾರಿ ಹೋಗಿಬರುವುದು, ಅಲ್ಲಿಂದ ಹಳ್ಳಿಗೆ ಆಟೊ, ಊಟ ಸೇರಿ ಭೇಟಿಗೆ 800ರಂತೆ 1,600 ರೂಪಾಯಿ. 4,500ರಲ್ಲಿ ಇದನ್ನು ಕಳೆದರೆ 2,900 ಉಳಿಯುತ್ತದೆ, ಆರು ದಿನಕ್ಕೆ ಹಂಚಿದರೆ ದಿನಕ್ಕೆ 480ರ ಆಸುಪಾಸು. ನನ್ನ ದಿನದ ಕನಿಷ್ಠ ದರ 1,200 ಎಂದು ನಾನು ನಿಗದಿ ಮಾಡಿಕೊಂಡಿದ್ದರೆ, ಈ ಲೇಖನಕ್ಕೆ 7,200 ಮತ್ತು ಖರ್ಚು 1,600 ಸೇರಿ 8,800 ಬರಬೇಕು. ನಿಮ್ಮ ದಿನದ ದರ ನಿಮ್ಮ ಊರು, ಅನುಭವ, ಮನೆಯ ಹೊರೆಗಳನ್ನು ಅವಲಂಬಿಸಿದ್ದು. ಆದರೆ ಆ ಅಂಕಿ ಮಾತುಕತೆಗೆ ಮೊದಲೇ ನಿಮ್ಮ ಬಳಿ ಇರಬೇಕು, ಇಲ್ಲದಿದ್ದರೆ ಬಂದದ್ದೆಲ್ಲ ಲಾಭವೆನಿಸುತ್ತದೆ.

ಉತ್ತರದಲ್ಲಿ ನನ್ನ ಮನೆಯ ಕಷ್ಟವಾಗಲಿ, ಬೇರೆ ಪತ್ರಿಕೆಯವರು ಎಷ್ಟು ಕೊಡುತ್ತಾರೆಂಬುದಾಗಲಿ ಬರುವುದಿಲ್ಲ. ಪಿಚ್‌ನ ಮೂರನೆಯ ಪ್ಯಾರಾ ಬರುತ್ತದೆ:

> ಒಪ್ಪಿಕೊಂಡಿದ್ದಕ್ಕೆ ಧನ್ಯವಾದಗಳು. ಪ್ರಸ್ತಾವದಲ್ಲಿ ಹೇಳಿದಂತೆ ಈ ಲೇಖನಕ್ಕೆ ಎರಡು ಸ್ಥಳಭೇಟಿ ಮತ್ತು ನಾಲ್ಕು ಸಂದರ್ಶನಗಳು ಬೇಕು, ಒಟ್ಟು ಆರು ದಿನದ ಕೆಲಸ. ಇದಕ್ಕೆ 8,000 ರೂಪಾಯಿ ಸಂಭಾವನೆ ಮತ್ತು ಪ್ರಯಾಣದ ವಾಸ್ತವಿಕ ಖರ್ಚು, ಸುಮಾರು 1,600, ಪ್ರತ್ಯೇಕವಾಗಿ ಸಾಧ್ಯವೇ?

ಒಂದು ಮೊತ್ತ, ಒಂದು ಕಾರಣ, ಒಂದು ಪ್ರಶ್ನೆ. 7,200ರ ಬದಲು 8,000 ಕೇಳಿದ್ದು ಇಳಿಯಲು ಒಂದು ಮೆಟ್ಟಿಲು ಇರಲೆಂದು. ದುಪ್ಪಟ್ಟು ಮೂರುಪಟ್ಟು ಕೇಳಿ ಇಳಿಯುವುದು ಸಂತೆಯಲ್ಲಿ ನಡೆದೀತು, ಇಲ್ಲಿ ಎದುರಿನವರು ಮುಂದಿನ ಹತ್ತು ವರ್ಷ ಸಿಗಬೇಕಾದವರು. ಪ್ರಯಾಣದ ಖರ್ಚನ್ನು ಬೇರೆಯಾಗಿ ಕೇಳಿದ್ದಕ್ಕೂ ಕಾರಣವಿದೆ: ಕೆಲವು ಕಚೇರಿಗಳಲ್ಲಿ ಸಂಭಾವನೆಗೆ ಮಿತಿ ಬಿಗಿಯಾಗಿದ್ದರೂ ಪ್ರಯಾಣದ ಬಾಬತ್ತಿನಲ್ಲಿ ಹಣವಿರುತ್ತದೆ, ಸಂಪಾದಕರಿಗೆ ಹೌದೆನ್ನಲು ಅದೊಂದು ದಾರಿಯಾಗುತ್ತದೆ.

ಸಂಪಾದಕರು ‘ನಮ್ಮ ಮಿತಿ 6,000, ಅದಕ್ಕಿಂತ ಮೇಲೆ ನನ್ನ ಕೈಯಲ್ಲಿಲ್ಲ’ ಎನ್ನುತ್ತಾರೆ. ಈ ಮಾತನ್ನು ನಂಬಿ. ವಿಭಾಗ ಸಂಪಾದಕರಿಗೆ ನಿಜವಾಗಿಯೂ ತಿಂಗಳಿಗಿಷ್ಟೆಂಬ ಮಿತಿ ಇರುತ್ತದೆ. ಇಲ್ಲಿ ಹಣವನ್ನು ಇನ್ನೂ ಎಳೆಯುವ ಬದಲು ಕೆಲಸವನ್ನು ಹಣದ ಅಳತೆಗೆ ಕತ್ತರಿಸಬೇಕು. ‘ಹಾಗಿದ್ದರೆ ಒಂದೇ ಭೇಟಿಯಲ್ಲಿ ಟೆಂಡರ್ ದಿನ ಮತ್ತು ಕೋಲ್ಡ್ ಸ್ಟೋರೇಜ್ ಎರಡನ್ನೂ ಮುಗಿಸಿ, ಬ್ಯಾಂಕ್ ಅಧಿಕಾರಿಯನ್ನು ಫೋನಿನಲ್ಲಿ ಮಾತನಾಡಿಸಿ, 1,200 ಪದಕ್ಕೆ ಸೀಮಿತಗೊಳಿಸುತ್ತೇನೆ. ಸಂಭಾವನೆ 6,000, ಒಂದು ಭೇಟಿಯ ಪ್ರಯಾಣ 800 ಪ್ರತ್ಯೇಕ.’ ಈಗ ಕೆಲಸ ಐದು ದಿನಕ್ಕೆ ಇಳಿಯಿತು, ದಿನಕ್ಕೆ 1,200 ಬಂತು. ಸಂಪಾದಕರ ಮಿತಿಯೂ ಉಳಿಯಿತು. ಲೇಖನಕ್ಕೆ ನಷ್ಟವಾಗಲಿಲ್ಲವೇ ಎಂದರೆ ಸ್ವಲ್ಪ ಆಯಿತು. ರೈತ ಮಹಿಳೆಯ ತೀರ್ಮಾನ ಏನಾಯಿತೆಂದು ಎರಡನೆಯ ಭೇಟಿಯಲ್ಲಿ ಕಣ್ಣಾರೆ ನೋಡುವ ಬದಲು ಫೋನಿನಲ್ಲಿ ಕೇಳಬೇಕಾಗುತ್ತದೆ. ಆ ನಷ್ಟವನ್ನು ಸಂಪಾದಕರೂ ತಿಳಿದೇ ಒಪ್ಪಿರುತ್ತಾರೆ, ನಾವೊಬ್ಬರೇ ಹೊರುವುದಿಲ್ಲ.

4,500ಕ್ಕಿಂತ ಒಂದು ರೂಪಾಯಿಯೂ ಇಲ್ಲ, ಕೆಲಸ ಮಾತ್ರ ಪೂರ್ತಿ ಬೇಕು ಎಂದರೆ ‘ಈ ಬಾರಿ ಸಾಧ್ಯವಾಗದು, ಸಣ್ಣ ಲೇಖನದ ಯೋಚನೆ ಇದ್ದಾಗ ಮತ್ತೆ ಬರೆಯುತ್ತೇನೆ’ ಎಂದು ಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಹೆಸರು ಬರುತ್ತದೆ ಎಂಬ ಕಾರಣಕ್ಕೆ ಮೊದಲ ಒಂದೆರಡು ಲೇಖನಗಳನ್ನು ಕಡಿಮೆಗೆ ಕೊಡಬಹುದು, ಆದರೆ ಅದೇ ಪತ್ರಿಕೆಯಲ್ಲಿ ಆ ದರವನ್ನು ಮುಂದೆ ಮೇಲೆತ್ತುವುದು ಬಲು ಕಷ್ಟ.

ಹಕ್ಕು ಮತ್ತು ರದ್ದು

ಮೊತ್ತ ಒಪ್ಪಿಗೆಯಾದ ಕೂಡಲೇ ಒಂದು ಒಪ್ಪಂದದ ಕಡತ ಬರಬಹುದು. ಅದರಲ್ಲಿ ‘ಎಲ್ಲ ಮಾಧ್ಯಮಗಳಲ್ಲಿ, ಜಗತ್ತಿನಾದ್ಯಂತ, ಶಾಶ್ವತವಾಗಿ ಎಲ್ಲ ಹಕ್ಕುಗಳನ್ನು ವರ್ಗಾಯಿಸುತ್ತೇನೆ’ ಎಂಬ ಸಾಲು ಇದೆಯೇ ಎಂದು ಹುಡುಕಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರಿಯಲ್ಲಿಲ್ಲದ ಬರಹಗಾರರ ಲೇಖನದ ಮೊದಲ ಒಡೆಯರು ಬರಹಗಾರರೇ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಅದೇ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಅಂದರೆ ಸುಮ್ಮನಿದ್ದರೆ ಕಾನೂನು ನಮ್ಮ ಪರವಾಗಿದೆ, ಸಹಿ ಹಾಕಿದರೆ ಇಲ್ಲ.

ಎರಡು ಭಾಷೆಯಲ್ಲಿ ಬರೆಯುವವರಿಗೆ ಇದು ನೇರವಾಗಿ ಹಣದ ವಿಚಾರ. ಇಂಗ್ಲಿಷ್ ಪತ್ರಿಕೆಗೆ ಬರೆದ ಬ್ಯಾಡಗಿಯ ಲೇಖನವನ್ನು ಕನ್ನಡದಲ್ಲಿ ಮತ್ತೊಂದು ಪತ್ರಿಕೆಗೆ ಬರೆಯುವ ಹಕ್ಕು ಉಳಿದಿದ್ದರೆ, ಅದೇ ತಿರುಗಾಟಕ್ಕೆ ಇನ್ನೊಂದು ಸಂಭಾವನೆ ಸಿಗುತ್ತದೆ. ಆದ್ದರಿಂದ ‘ಮೊದಲ ಪ್ರಕಟಣೆಯ ಹಕ್ಕು ಪತ್ರಿಕೆಗೆ, 30 ದಿನಗಳ ನಂತರ ಕನ್ನಡ ಆವೃತ್ತಿಯನ್ನು ಬೇರೆಡೆ ಪ್ರಕಟಿಸುವ ಹಕ್ಕು ಲೇಖಕರಿಗೆ’ ಎಂಬ ಒಂದು ಸಾಲನ್ನು ಸೇರಿಸಲು ಕೇಳಿ. ಹಣ ಹೆಚ್ಚಿಸಲಾಗದ ಸಂಪಾದಕರು ಇದನ್ನು ಹೆಚ್ಚಿನ ಸಲ ಒಪ್ಪುತ್ತಾರೆ, ಅವರಿಗೆ ಇದರಿಂದ ಕಾಸಿನ ಖರ್ಚಿಲ್ಲ.

ಅದರ ಜೊತೆ ಕೇಳಬೇಕಾದದ್ದು ರದ್ದಿನ ಸಂಭಾವನೆ, ವೃತ್ತಿಯವರು ‘ಕಿಲ್ ಫೀ’ ಎನ್ನುವುದು. ಒಪ್ಪಿ ಬರೆಸಿದ ಲೇಖನವನ್ನು ಪತ್ರಿಕೆ ತನ್ನ ಕಾರಣಕ್ಕೆ ಪ್ರಕಟಿಸದಿದ್ದರೆ ಕೊಡುವ ಮೊತ್ತ ಇದು, ರೂಢಿಯಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಇರುತ್ತದೆ. ಚುನಾವಣೆಯೋ ಪ್ರವಾಹವೋ ಬಂದು ಮೆಣಸಿನಕಾಯಿಯ ಲೇಖನ ಮೂಲೆಗೆ ಬೀಳುವುದು ಅಪರೂಪವೇನಲ್ಲ.

ಬಿಲ್ಲು ಮತ್ತು ವಸೂಲಿ

ಕೆಲಸ ಶುರು ಮಾಡುವ ಮೊದಲು, ಒಪ್ಪಿದ್ದನ್ನೆಲ್ಲ ನೀವೇ ಒಂದು ಮೇಲ್‌ನಲ್ಲಿ ಬರೆದು ‘ಸರಿಯಿದೆಯೇ?’ ಎಂದು ಕೇಳಿ: 1,200 ಪದ, 6,000 ರೂಪಾಯಿ, ಪ್ರಯಾಣ 800, ಕೊಡುವ ದಿನಾಂಕ, ಕನ್ನಡದ ಹಕ್ಕು, ರದ್ದಾದರೆ ಅರ್ಧ, ಮತ್ತು ಹಣ ಪಾವತಿಯ ಅವಧಿ. ಈ ಕೊನೆಯದನ್ನು ಕೇಳುವಾಗ ‘ಲೇಖನ ಒಪ್ಪಿಗೆಯಾದ 30 ದಿನದೊಳಗೆ’ ಎಂದಿರಲಿ, ‘ಪ್ರಕಟವಾದ ಮೇಲೆ’ ಎಂದಾಗದಿರಲಿ. ಪ್ರಕಟಣೆಯ ದಿನ ನಮ್ಮ ಕೈಯಲ್ಲಿಲ್ಲ. ಅವರ ‘ಸರಿಯಿದೆ’ ಎಂಬ ಒಂದು ಪದದ ಉತ್ತರವೇ ನಿಮ್ಮ ದಾಖಲೆ.

ಲೇಖನ ಒಪ್ಪಿಗೆಯಾದ ದಿನವೇ ಇನ್‌ವಾಯ್ಸ್ ಕಳಿಸಿ. ಅದಕ್ಕೊಂದು ಸಂಖ್ಯೆ, ದಿನಾಂಕ, ಲೇಖನದ ಶೀರ್ಷಿಕೆ, ಸಂಭಾವನೆ ಮತ್ತು ಪ್ರಯಾಣ ಬೇರೆ ಬೇರೆಯಾಗಿ, ಪ್ಯಾನ್, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ ಇರಲಿ. ವರ್ಷದ ವಹಿವಾಟು 20 ಲಕ್ಷ ದಾಟದ ಸಾಮಾನ್ಯ ಬರಹಗಾರರಿಗೆ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ, ಲೆಕ್ಕವಿಭಾಗ ಕೇಳಿದರೆ ಹಾಗೆಂದು ಬರೆದರೆ ಸಾಕು. 6,000ದ ಬದಲು 5,400 ಬಂದರೆ ಸಂಪಾದಕರ ಮೇಲೆ ರೇಗಬೇಡಿ, ಶೇಕಡ 10ರ ಟಿಡಿಎಸ್, ಅಂದರೆ ಹಣ ಕೊಡುವವರೇ ಹಿಡಿದು ಕಟ್ಟುವ ಆದಾಯ ತೆರಿಗೆ, ಕಡಿತವಾಗಿರಬಹುದು. ಅದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ತಾಣದಲ್ಲಿ ನೋಡಬಹುದು, ನಿಮಗೆ ಅಷ್ಟು ತೆರಿಗೆ ಬೀಳದಿದ್ದರೆ ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು. ಪ್ಯಾನ್ ಕೊಡದಿದ್ದರೆ ಮಾತ್ರ ಕಡಿತ ಶೇಕಡ 20ಕ್ಕೆ ಏರುತ್ತದೆ.

ಹಣ ತಡವಾದರೆ ಮೊದಲ ನೆನಪೋಲೆ ಸಂಪಾದಕರಿಗೆ, ಎರಡನೆಯದು ಲೆಕ್ಕವಿಭಾಗಕ್ಕೆ, ಸಂಪಾದಕರಿಗೆ ಪ್ರತಿಯೊಂದಿಗೆ. ವಿಳಂಬವಾಗುವುದು ಬಹುತೇಕ ಲೆಕ್ಕವಿಭಾಗದಲ್ಲೇ, ಸಂಪಾದಕರಿಗೆ ಅದು ಗೊತ್ತೇ ಇರುವುದಿಲ್ಲ. ವರ್ಷವಿಡೀ ಇದೇ ಕೆಲಸ ಮಾಡುವವರು ಕೇಂದ್ರ ಸರ್ಕಾರದ ‘ಉದ್ಯಮ್’ ತಾಣದಲ್ಲಿ ಸೇವಾ ವಲಯದ ಸೂಕ್ಷ್ಮ ಉದ್ಯಮವಾಗಿ ಮುಂಚಿತವಾಗಿಯೇ ಉಚಿತ ನೋಂದಣಿ ಮಾಡಿಸಿಕೊಂಡಿದ್ದರೆ ಒಳ್ಳೆಯದು. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಅಂಥವರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಚಕ್ರಬಡ್ಡಿಯಾಗಿ ಸೇರುತ್ತದೆ. 6,000ಕ್ಕಾಗಿ ದೂರು ಕೊಡಲು ಹೋಗುವವರು ವಿರಳ. ಆದರೆ ಇನ್‌ವಾಯ್ಸ್‌ನ ಕೆಳಗೆ ಉದ್ಯಮ್ ಸಂಖ್ಯೆ ಬರೆಯಲು ಶುರು ಮಾಡಿದ ಮೇಲೆ ನನ್ನ ಬಿಲ್ಲುಗಳು ಲೆಕ್ಕವಿಭಾಗದ ಮೇಜಿನ ಮೇಲೆ ಮೊದಲಿನಷ್ಟು ದಿನ ಮಲಗುತ್ತಿಲ್ಲ.